ಆಡಿಟ್ ಫೈಲ್ ಕಟ್ಟಿ ಲಾಕ್ ಮಾಡುವುದು ಹೇಗೆ: ವರದಿ ತಾರೀಕಿನಿಂದ ಏಳು ವರ್ಷದವರೆಗೆ

ವರದಿಗೆ ಸಹಿ ಬಿತ್ತು, ಯುಡಿಐಎನ್ ತೆಗೆದಾಯಿತು, ಕ್ಲೈಂಟಿಗೆ ಮೇಲ್ ಹೋಯಿತು. ಅಲ್ಲಿಗೆ ಆ ಫೈಲನ್ನು ಎಲ್ಲರೂ ಮರೆತುಬಿಡುತ್ತಾರೆ. ಮಂಗಳೂರು, ಉಡುಪಿಯ ಸಣ್ಣ ಸಿಎ ಆಫೀಸುಗಳಲ್ಲಿ ಸೆಪ್ಟೆಂಬರ್ ಅಂದರೆ ಟ್ಯಾಕ್ಸ್ ಆಡಿಟ್ ಗಡಿಬಿಡಿ. ಅದು ಮುಗಿಯುವಾಗ ದಸರಾ ಬಂದಿರುತ್ತದೆ, ಹಿಂದೆಯೇ ದೀಪಾವಳಿ. ಮುಗಿದ ಆಡಿಟ್‌ನ ಫೈಲ್ ಮತ್ತೆ ನೆನಪಾಗುವುದು ಪೀರ್ ರಿವ್ಯೂ ಪತ್ರ ಬಂದಾಗ. ಆಗ ಅರ್ಧ ಪೇಪರ್ ಆರ್ಟಿಕಲ್ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ, ಇನ್ನರ್ಧ ಯಾರದೋ ವಾಟ್ಸಾಪ್‌ನಲ್ಲಿ.

ಈ ಮಾರ್ಗದರ್ಶಿ ಅಂಥ ಸಣ್ಣ ಆಫೀಸಿಗೆ. ದುಬಾರಿ ಆಡಿಟ್ ಸಾಫ್ಟ್‌ವೇರ್ ಇಲ್ಲ, ಎಕ್ಸೆಲ್ ಮತ್ತು ಪಿಡಿಎಫ್‌ನಲ್ಲೇ ಕೆಲಸ ಎಂದುಕೊಂಡು ಬರೆದಿದ್ದೇನೆ.

ಮೊದಲು ಎರಡು ತಾರೀಕು ಬೇರೆ ಮಾಡಿ

ಐಸಿಎಐಯ ಎಸ್‌ಎ 230 ಮತ್ತು ಎಸ್‌ಕ್ಯೂಸಿ 1 ಪ್ರಕಾರ, ವರದಿ ತಾರೀಕಿನಿಂದ ಸಾಮಾನ್ಯವಾಗಿ 60 ದಿನದೊಳಗೆ ಅಂತಿಮ ಫೈಲ್ ಕಟ್ಟಿ ಮುಗಿಸಬೇಕು. ಇದು ಎಲ್ಲರಿಗೂ ಗೊತ್ತು. ಆದರೆ "60 ದಿನ ಇದೆಯಲ್ಲ, ಉಳಿದ ಕೆಲಸ ಆಮೇಲೆ ಮಾಡಿದರಾಯಿತು" ಎಂದು ಹಲವರು ಅಂದುಕೊಳ್ಳುತ್ತಾರೆ. ತಪ್ಪಾಗುವುದು ಅಲ್ಲೇ. ಆ 60 ದಿನ ಆಡಿಟ್ ಮಾಡಲಿಕ್ಕೆ ಕೊಟ್ಟದ್ದಲ್ಲ. ಮಾಡಿ ಮುಗಿಸಿದ ಆಡಿಟ್‌ನ ಪೇಪರುಗಳನ್ನು ಜೋಡಿಸಲಿಕ್ಕೆ ಕೊಟ್ಟದ್ದು.

ವರದಿ ತಾರೀಕು ಒಂದು ಗೆರೆ. ಸಾಕ್ಷ್ಯ ಸಂಗ್ರಹ, ಪಾರ್ಟ್‌ನರ್ ರಿವ್ಯೂ, ತೀರ್ಮಾನ ಎಲ್ಲ ಅದರೊಳಗೆ ಮುಗಿದಿರಬೇಕು. ಲಾಕ್ ತಾರೀಕು ಎರಡನೇ ಗೆರೆ. ಅದು ದಾಟಿದ ಮೇಲೆ ಫೈಲ್‌ನಿಂದ ಏನನ್ನೂ ತೆಗೆಯುವಂತಿಲ್ಲ. ಒಂದು ಪೇಪರ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ "ಲಾಕ್ ಆಗಿದೆಯಾ?" ಅಲ್ಲ. "ಇದು ವರದಿಗೆ ಮೊದಲು ನಮ್ಮ ಕೈಯಲ್ಲಿ ಇತ್ತಾ, ನಾವು ಅದನ್ನು ನೋಡಿದ್ದೆವಾ?" ಎಂದು.

ಒಂದು ಉದಾಹರಣೆ ಹಿಡಿದು ಹೋಗೋಣ. ಬೈಕಂಪಾಡಿಯಲ್ಲಿ ಒಂದು ಗೇರುಬೀಜ ಸಂಸ್ಕರಣೆಯ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದಿಟ್ಟುಕೊಳ್ಳಿ. 2024-25ರ ಲೆಕ್ಕ. ಬೋರ್ಡ್ ಲೆಕ್ಕಪತ್ರ ಒಪ್ಪಿ, ನಾವು ವರದಿಗೆ ಸಹಿ ಹಾಕಿದ್ದು 2025ರ ಸೆಪ್ಟೆಂಬರ್ 5ಕ್ಕೆ. ಸೆಪ್ಟೆಂಬರ್‌ನಲ್ಲಿ 25 ದಿನ, ಅಕ್ಟೋಬರ್‌ನಲ್ಲಿ 31, ಮೇಲೆ 4. ಹಾಗಾಗಿ ನವೆಂಬರ್ 4 ಕೊನೆಯ ದಿನ. ಸಹಿ ಹಾಕಿದ ದಿನವೇ ಈ ತಾರೀಕನ್ನು ಆಫೀಸ್ ಕ್ಯಾಲೆಂಡರಿಗೆ ಹಾಕಿ. ನನ್ನನ್ನು ಕೇಳಿದರೆ 60ಕ್ಕೆ ಕಾಯಲೇಬೇಡಿ, 30ನೇ ದಿನಕ್ಕೆ ಗುರಿ ಇಡಿ. ನೆನಪು ಹಸಿಯಾಗಿರುವಾಗ ಅರ್ಧ ದಿನದಲ್ಲಿ ಆಗುವ ಕೆಲಸ, ದೀಪಾವಳಿ ಕಳೆದ ಮೇಲೆ ಮೂರು ದಿನ ತಿನ್ನುತ್ತದೆ.

ಇದೇ ಕಂಪನಿಗೆ ಟ್ಯಾಕ್ಸ್ ಆಡಿಟ್ ವರದಿಯನ್ನೂ ನಾವೇ ಕೊಟ್ಟಿದ್ದರೆ ಅದು ಬೇರೆ ವರದಿ, ಬೇರೆ ಫೈಲ್. ಅದರ 60 ದಿನವನ್ನು ಅದರ ತಾರೀಕಿನಿಂದಲೇ ಎಣಿಸಬೇಕು.

ಹಂತ 1: ಚದುರಿದ್ದನ್ನು ಒಂದೇ ಕಡೆ ತನ್ನಿ

ಟೀಮಿನವರೆಲ್ಲ ತಮ್ಮ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಮೇಲ್, ಫೋನ್ ಖಾಲಿ ಮಾಡಬೇಕು. ಫೋನ್ ಮರೆಯಬೇಡಿ. ಗೋದಾಮಿನಲ್ಲಿ ಸ್ಟಾಕ್ ಎಣಿಸುವಾಗ ತೆಗೆದ ಫೋಟೋ, ಅಕೌಂಟೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ಲಾರಿ ರಸೀದಿ ಎಲ್ಲ ಸಾಕ್ಷ್ಯವೇ. ಆರ್ಟಿಕಲ್‌ಶಿಪ್ ಮುಗಿಸಿ ಹುಡುಗಿ ಬೆಂಗಳೂರಿಗೆ ಹೋದರೆ ಆ ಫೋಟೋಗಳೂ ಅವಳ ಜೊತೆ ಹೋದವು ಅಂತಲೇ ಲೆಕ್ಕ.

ಮೇಲ್‌ನಲ್ಲಿ ಬಂದ ಪೇಪರನ್ನು ಅಟ್ಯಾಚ್‌ಮೆಂಟ್ ಮಾತ್ರ ತೆಗೆದು ಇಡಬೇಡಿ. ಇಡೀ ಮೇಲನ್ನೇ `.eml` ಅಥವಾ `.msg` ಆಗಿ ಉಳಿಸಿ. ಅಟ್ಯಾಚ್‌ಮೆಂಟನ್ನು ಇವತ್ತು ಸೇವ್ ಮಾಡಿದರೆ ಕಂಪ್ಯೂಟರ್ ಅದಕ್ಕೆ ಇವತ್ತಿನ ತಾರೀಕು ಕೊಡುತ್ತದೆ. ನಿಜವಾಗಿ ಯಾವತ್ತು ಬಂತು ಎನ್ನುವುದಕ್ಕೆ ಮೇಲ್ ಒಂದೇ ಆಧಾರ.

ನಮ್ಮ ಊರಿನ ಮಳೆಗಾಲಕ್ಕೆ ಒಂದು ಮಾತು. ಕಾಗದದ ಫೈಲ್‌ಗೆ ಬೂಸ್ಟು ಹಿಡಿಯುತ್ತದೆ, ಗೆದ್ದಲೂ ಬಿಡುವುದಿಲ್ಲ. ತೂಕದ ಚೀಟಿಯಂಥ ಥರ್ಮಲ್ ಕಾಗದದ ಅಕ್ಷರ ಎರಡು ಮೂರು ವರ್ಷಕ್ಕೆ ಮಾಸಿಹೋದೀತು. ಇವನ್ನೆಲ್ಲ ಈಗಲೇ ಸ್ಕ್ಯಾನ್ ಮಾಡಿ. ಮೂಲ ಕಾಗದವನ್ನೂ ಇಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಹಂತ 2: ಈ 60 ದಿನದಲ್ಲಿ ಏನು ಮಾಡಬಹುದು

ಎಸ್‌ಎ 230 ನಾಲ್ಕು ಬಗೆಯ ಆಡಳಿತಾತ್ಮಕ ಕೆಲಸವನ್ನು ಉದಾಹರಣೆಯಾಗಿ ಕೊಡುತ್ತದೆ. ಹಳೆಯ ಡ್ರಾಫ್ಟ್ ಎಸೆಯುವುದು. ಪೇಪರ್ ವಿಂಗಡಿಸಿ ಕ್ರಾಸ್ ರೆಫರೆನ್ಸ್ ಹಾಕುವುದು. ಫೈಲ್ ಕಟ್ಟಿದ್ದಕ್ಕೆ ಸಂಬಂಧಿಸಿದ ಚೆಕ್‌ಲಿಸ್ಟ್‌ಗೆ ಸಹಿ ಮಾಡುವುದು. ವರದಿಗೆ ಮೊದಲೇ ಪಡೆದು, ಟೀಮಿನಲ್ಲಿ ಚರ್ಚಿಸಿ ಒಪ್ಪಿದ ಸಾಕ್ಷ್ಯವನ್ನು ಬರೆದಿಡುವುದು.

ಎಸೆಯುವ ವಿಷಯದಲ್ಲಿ ಜಾಗ್ರತೆ ಬೇಕು. ಬದಲಾದ ಡ್ರಾಫ್ಟ್, ಡೂಪ್ಲಿಕೇಟ್ ಕಾಪಿ, ಅರ್ಧಂಬರ್ಧ ಯೋಚನೆಯ ನೋಟ್ ಎಸೆಯಬಹುದು. ಆದರೆ ಅಂತಿಮ ತೀರ್ಮಾನಕ್ಕೆ ಹೊಂದದ ಮಾಹಿತಿ ಡ್ರಾಫ್ಟ್ ಅಲ್ಲ. ಮೊದಲ ಸ್ಟಾಕ್ ಎಣಿಕೆಯಲ್ಲಿ 40 ಚೀಲ ಕಡಿಮೆ ಬಂದು, ಮರು ಎಣಿಕೆಯಲ್ಲಿ ಸರಿಹೋಯಿತು ಎಂದುಕೊಳ್ಳಿ. ಮೊದಲ ಹಾಳೆಯೂ ಫೈಲ್‌ನಲ್ಲಿ ಇರಬೇಕು, ವ್ಯತ್ಯಾಸ ಹೇಗೆ ಬಗೆಹರಿಯಿತು ಎನ್ನುವ ನೋಟೂ ಬೇಕು. ಫೈಲ್ ಚೆಂದ ಕಾಣಲಿ ಅಂತ ಸುಮ್ನೆ ಅದನ್ನು ಕಿತ್ತೆಸೆದರೆ ಅದು ವಿಂಗಡಣೆಯಲ್ಲ, ಸಾಕ್ಷ್ಯ ಮರೆಮಾಚುವುದು.

ಎಕ್ಸೆಲ್‌ನಲ್ಲಿ ಒಂದು ಚಿಕ್ಕ ಉಪದ್ರವ ಇದೆ. ಕೆಲವರು ವರ್ಕಿಂಗ್ ಪೇಪರ್‌ನ ತಾರೀಕಿನ ಜಾಗದಲ್ಲಿ `=TODAY()` ಹಾಕಿರುತ್ತಾರೆ. ಹೆಡರ್‌ನಲ್ಲಿ `&[Date]` ಇರುವುದೂ ಉಂಟು. ನವೆಂಬರ್‌ನಲ್ಲಿ ಪಿಡಿಎಫ್ ಮಾಡಿದರೆ ಜುಲೈಯಲ್ಲಿ ಮಾಡಿದ ಪರೀಕ್ಷೆಗೂ ನವೆಂಬರ್ ತಾರೀಕು ಬೀಳುತ್ತದೆ. ಫೈಲ್ ನೋಡುವವರಿಗೆ ಇಡೀ ಕೆಲಸ ವರದಿಯ ನಂತರ ಆದಂತೆ ಕಾಣುತ್ತದೆ. ವರ್ಷದ ಆರಂಭದಲ್ಲೇ ಟೆಂಪ್ಲೇಟ್‌ನಿಂದ ಇದನ್ನು ತೆಗೆದುಬಿಡಿ. ಬೇರೆ ಫೈಲ್‌ಗೆ ಲಿಂಕ್ ಇರುವ ಸೆಲ್‌ಗಳನ್ನೂ ನೋಡಿ. ಆರ್ಟಿಕಲ್‌ನ `D:` ಡ್ರೈವ್‌ಗೆ ಕೊಂಡಿ ಇದ್ದರೆ ಮುಂದೆ ಆ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕಲಾಗುವುದಿಲ್ಲ.

ಇದೇ ಹೊತ್ತಿಗೆ ಮ್ಯಾನೇಜ್‌ಮೆಂಟ್ ಕೊಟ್ಟ ಲಿಖಿತ ಹೇಳಿಕೆಯ ಪತ್ರ ತೆಗೆದು ತಾರೀಕು ನೋಡಿ. ಎಸ್‌ಎ 580 ಪ್ರಕಾರ ಅದು ವರದಿ ತಾರೀಕಿಗೆ ಹತ್ತಿರ ಇರಬೇಕು, ಅದರ ನಂತರ ಇರಬಾರದು. ಫೈಲ್ ಕಟ್ಟುವಾಗ ಮೊದಲು ಸಿಕ್ಕಿಬೀಳುವುದು ಸಾಮಾನ್ಯವಾಗಿ ಈ ಪತ್ರವೇ.

ಹಂತ 3: ತಡವಾಗಿ ಬಂದ ಮೂರು ಪೇಪರು

ಬೈಕಂಪಾಡಿ ಕಂಪನಿಯ ಫೈಲ್ ಕಟ್ಟುವಾಗ ಮೂರು ಪೇಪರು ಹೊರಗೆ ಉಳಿದಿವೆ ಎಂದುಕೊಳ್ಳೋಣ.

ಮೊದಲನೆಯದು ಬ್ಯಾಂಕ್ ಬ್ಯಾಲೆನ್ಸ್ ದೃಢೀಕರಣ. ಮೇಲ್ ಬಂದದ್ದು ಸೆಪ್ಟೆಂಬರ್ 2ಕ್ಕೆ. ಪಾರ್ಟ್‌ನರ್ ಅದನ್ನು ನೋಡಿ, ಲೆಡ್ಜರ್ ಜೊತೆ ತಾಳೆಯಾಯಿತು ಎಂದು ಅದೇ ದಿನ ಉತ್ತರಿಸಿದ್ದಾರೆ. ಫೈಲ್‌ಗೆ ಹಾಕಲು ಮಾತ್ರ ಮರೆತಿದೆ. ಇದನ್ನು ಈಗ ಸೇರಿಸಬಹುದು, ಎರಡೂ ಮೇಲ್ ಸಮೇತ. ಸೇರಿಸಿದ ತಾರೀಕು ಇವತ್ತಿನದೇ ಇರಲಿ.

ಎರಡನೆಯದು ಮಾರಾಟದ ಕಟ್-ಆಫ್ ಪರೀಕ್ಷೆಯ ಹಾಳೆ. ಆರ್ಟಿಕಲ್ ಆಗಸ್ಟ್‌ನಲ್ಲಿ ಮಾಡಿದ್ದಾನೆ, ರಿವ್ಯೂ ಮಾಡಿದವರ ಸಹಿ ಇಲ್ಲ. ಇಲ್ಲಿ ಎರಡು ಸಾಧ್ಯತೆ. ವರದಿಗೆ ಮೊದಲೇ ಮೇಲಿನವರು ನೋಡಿ ಪ್ರಶ್ನೆ ಕೇಳಿದ್ದ ಮೇಲ್ ಅಥವಾ ನೋಟ್ ಇದ್ದರೆ, ಅದನ್ನು ಸೇರಿಸಿ, "ರಿವ್ಯೂ ಆದದ್ದು ಆಗಸ್ಟ್ 22ಕ್ಕೆ, ಈ ಟಿಪ್ಪಣಿ ಬರೆದದ್ದು ಅಕ್ಟೋಬರ್ 8ಕ್ಕೆ" ಎಂದು ಬರೆಯಿರಿ. ರಿವ್ಯೂ ಆಗಿಯೇ ಇಲ್ಲ ಎಂದಾದರೆ ಈಗ ಹಳೆಯ ತಾರೀಕಿನ ಸಹಿ ಹಾಕಬಾರದು. ಎಸ್‌ಎ 220 ಪ್ರಕಾರ ಎಂಗೇಜ್‌ಮೆಂಟ್ ಪಾರ್ಟ್‌ನರ್ ಪೇಪರು ನೋಡಿ, ಸಾಕಷ್ಟು ಸಾಕ್ಷ್ಯ ಸಿಕ್ಕಿದೆ ಎಂದು ಮನವರಿಕೆ ಮಾಡಿಕೊಳ್ಳಬೇಕಾದದ್ದು ವರದಿ ತಾರೀಕಿನೊಳಗೆ. ರಿವ್ಯೂವನ್ನು ಈಗ ಮಾಡಿ, ಈಗಿನ ತಾರೀಕು ಹಾಕಿ, ಯಾಕೆ ತಡವಾಯಿತೆಂದು ಬರೆದಿಡಿ. ಅದು ಆಫೀಸಿನ ಲೋಪವಾಗಿ ಕಾಣುತ್ತದೆ, ನಿಜ. ಆದರೆ ಲೋಪ ಒಂದು ಮಟ್ಟದ ತೊಂದರೆ, ಸುಳ್ಳು ತಾರೀಕು ಇನ್ನೊಂದೇ ಮಟ್ಟದ್ದು. ಎಕ್ಸೆಲ್‌ನ ಪ್ರಾಪರ್ಟೀಸ್‌ನಲ್ಲಿ ಕೊನೆಯ ಸಲ ಯಾರು, ಯಾವತ್ತು ಸೇವ್ ಮಾಡಿದರು ಎನ್ನುವುದು ಕೂತಿರುತ್ತದೆ. ನೋಡುವವರು ಮೊದಲು ನೋಡುವುದೇ ಅದನ್ನು.

ಮೂರನೆಯದು ಕಷ್ಟದ್ದು. ಮುಂಬೈಯ ಒಬ್ಬ ವ್ಯಾಪಾರಿಯಿಂದ ಪುಸ್ತಕದ ಪ್ರಕಾರ ₹41,60,000 ಬರಬೇಕು. ಜುಲೈಯಲ್ಲಿ ದೃಢೀಕರಣ ಕೇಳಿದ್ದೆವು, ಉತ್ತರ ಬಂದಿರಲಿಲ್ಲ. ಇನ್‌ವಾಯ್ಸ್, ಲಾರಿ ರಸೀದಿ ನೋಡಿ, ವರ್ಷ ಕಳೆದ ಮೇಲೆ ಬಂದ ಹಣ ನೋಡಿ ತೃಪ್ತರಾಗಿದ್ದೆವು. ಈಗ ಸೆಪ್ಟೆಂಬರ್ 18ಕ್ಕೆ ಉತ್ತರ ಬಂದಿದೆ. ಅವರ ಪ್ರಕಾರ ಕೊಡಬೇಕಾದದ್ದು ₹29,40,000. ವ್ಯತ್ಯಾಸ ₹12,20,000.

ಕಂಪನಿಯ ಅಕೌಂಟೆಂಟ್ ಸಲಹೆ ಹೀಗಿರುತ್ತದೆ: "ಸರ್, ನಾವು ಮಾತಾಡಿ ಸರಿ ಮಾಡಿಸ್ತೇವೆ. ಸೆಪ್ಟೆಂಬರ್ 3 ಅಂತ ಹಾಕಿ ಹೊಸ ಲೆಟರ್ ತರಿಸಿ ಕೊಡ್ಲಾ?" ಬೇಡ ಮಾರಾಯ್ರೆ. ಫೈಲ್ ಇನ್ನೂ ಲಾಕ್ ಆಗಿಲ್ಲ, 60 ದಿನದ ಒಳಗೇ ಇದ್ದೇವೆ. ಆದರೂ ಇದು ಜೋಡಣೆಯ ಕೆಲಸವಲ್ಲ. ವರದಿ ಕೊಡುವಾಗ ನಮ್ಮ ಹತ್ತಿರ ಇಲ್ಲದ ಮಾಹಿತಿ ಇದು. ಲೆಕ್ಕಪತ್ರ ಷೇರುದಾರರಿಗೆ ಆಗಲೇ ಹೋಗಿದೆ. ಹಾಗಾಗಿ ಎಸ್‌ಎ 560 ಹೇಳುವ ದಾರಿ ಹಿಡಿಯಬೇಕು. ಲೆಕ್ಕಪತ್ರ ಹೊರಬಿದ್ದ ಮೇಲೆ ಹೊಸ ಪರೀಕ್ಷೆ ಹುಡುಕಿಕೊಂಡು ಹೋಗುವ ಹೊಣೆ ನಮಗಿಲ್ಲ. ಆದರೆ ವರದಿ ದಿನವೇ ಗೊತ್ತಿದ್ದರೆ ವರದಿ ಬದಲಾಗಬಹುದಿತ್ತು ಎನ್ನುವ ವಿಷಯ ಗೊತ್ತಾದರೆ ಸುಮ್ಮನಿರುವಂತಿಲ್ಲ. ಮ್ಯಾನೇಜ್‌ಮೆಂಟ್ ಜೊತೆ ಮಾತಾಡಬೇಕು, ಲೆಕ್ಕ ತಿದ್ದಬೇಕಾ ಎಂದು ನಿರ್ಧರಿಸಬೇಕು. ಬೇಕೆಂದಾದರೆ ಅವರು ಏನು ಮಾಡುತ್ತಾರೆ ಎಂದು ಕೇಳಬೇಕು.

ವಿಚಾರಿಸಿದಾಗ ಹೀಗೆ ತಿಳಿಯಿತು ಎಂದುಕೊಳ್ಳಿ. ₹9,70,000 ಮಾರ್ಚ್ 28ಕ್ಕೆ ಕಾರ್ಖಾನೆಯಿಂದ ಹೊರಟ ಸರಕು. ಮುಂಬೈಯವರು ಅದನ್ನು ಏಪ್ರಿಲ್ 4ಕ್ಕೆ ಬರೆದುಕೊಂಡಿದ್ದಾರೆ. ಒಪ್ಪಂದದ ಪ್ರಕಾರ ಕಾರ್ಖಾನೆ ಗೇಟ್ ದಾಟಿದ ಕೂಡಲೇ ಸರಕು ಖರೀದಿದಾರರದ್ದು, ಲಾರಿ ರಸೀದಿಯೂ ಮಾರ್ಚ್ 28ರದ್ದು. ಕಂಪನಿಯ ಲೆಕ್ಕ ಸರಿ. ಉಳಿದ ₹2,50,000 ತಿರುಳಿನ ಗುಣಮಟ್ಟದ ತಕರಾರು. ಮಾರ್ಚ್ 26ರ ಡೆಬಿಟ್ ನೋಟನ್ನು ಕಂಪನಿ ಒಪ್ಪಿದೆ, ಪುಸ್ತಕಕ್ಕೆ ಮಾತ್ರ ಏರಿಸಿಲ್ಲ. ಇದು ತಪ್ಪು. ನಮ್ಮ ಮೆಟೀರಿಯಾಲಿಟಿ ₹15 ಲಕ್ಷ. ತಿದ್ದದೇ ಬಿಟ್ಟ ಸಣ್ಣ ತಪ್ಪುಗಳ ಪಟ್ಟಿಯಲ್ಲಿ ಮೊದಲೇ ₹3,10,000 ಇತ್ತು, ಈಗ ₹5,60,000 ಆಯಿತು. ಮೊತ್ತ ಚಿಕ್ಕದು ಎಂದಷ್ಟಕ್ಕೇ ನಿಲ್ಲಬೇಡಿ. ಬೇಕೆಂದೇ ಮುಚ್ಚಿಟ್ಟದ್ದಾ, ಬೇರೆ ಗ್ರಾಹಕರದ್ದೂ ಇಂಥ ಡೆಬಿಟ್ ನೋಟ್ ಡ್ರಾಯರ್‌ನಲ್ಲಿ ಬಿದ್ದಿದೆಯಾ ಎಂದೂ ಕೇಳಿ. ಇಲ್ಲ ಎಂದು ಖಾತ್ರಿಯಾದರೆ ವರದಿ ಹಾಗೆಯೇ ನಿಲ್ಲುತ್ತದೆ.

ಈಗ ಇದನ್ನು ಬರೆದಿಡುವ ರೀತಿ. ವರದಿಯ ನಂತರ ಹೊಸ ಪರೀಕ್ಷೆ ಮಾಡಿದರೆ ಅಥವಾ ಹೊಸ ತೀರ್ಮಾನಕ್ಕೆ ಬಂದರೆ ಮೂರು ವಿಷಯ ಇರಬೇಕು ಎನ್ನುತ್ತದೆ ಎಸ್‌ಎ 230ರ 13ನೇ ಪ್ಯಾರಾ: ಒಂದು, ಎದುರಾದ ಸಂದರ್ಭ; ಎರಡು, ಮಾಡಿದ ಪರೀಕ್ಷೆ, ಸಿಕ್ಕ ಸಾಕ್ಷ್ಯ, ಬಂದ ತೀರ್ಮಾನ ಮತ್ತು ವರದಿಯ ಮೇಲೆ ಅದರ ಪರಿಣಾಮ; ಮೂರು, ಈ ಬದಲಾವಣೆಯನ್ನು ಯಾರು, ಯಾವತ್ತು ಮಾಡಿದರು, ಯಾರು ರಿವ್ಯೂ ಮಾಡಿದರು. ನೋಟ್ ಹೀಗೆ ಇದ್ದರೆ ಸಾಕು:

"ವರದಿ ತಾರೀಕು 5-9-2025. 18-9-2025ಕ್ಕೆ ಗ್ರಾಹಕರ ದೃಢೀಕರಣ ಬಂತು, ವ್ಯತ್ಯಾಸ ₹12,20,000. ಲಾರಿ ರಸೀದಿ, ಒಪ್ಪಂದದ ಷರತ್ತು ಮತ್ತು ಡೆಬಿಟ್ ನೋಟ್ ಪರಿಶೀಲಿಸಿದೆ. ₹9,70,000 ಸಾಗಣೆಯಲ್ಲಿದ್ದ ಸರಕು, ತಪ್ಪಿಲ್ಲ. ₹2,50,000 ತಿದ್ದದ ತಪ್ಪುಗಳ ಪಟ್ಟಿಗೆ ಸೇರಿಸಿದೆ, ಒಟ್ಟು ₹5,60,000. 22-9-2025ಕ್ಕೆ ನಿರ್ದೇಶಕರ ಜೊತೆ ಚರ್ಚೆ. ವರದಿ ಬದಲಿಸುವ ಅಗತ್ಯವಿಲ್ಲ. ತಯಾರಿಸಿದವರು, ರಿವ್ಯೂ ಮಾಡಿದವರು, ತಾರೀಕು."

ವರದಿಯ ದಿನದ ಮೂಲ ಪಟ್ಟಿಯನ್ನು ಅಳಿಸಬೇಡಿ. ಅದು ₹3,10,000 ಎಂದೇ ಇರಲಿ. ಹೊಸ ಪಟ್ಟಿ ಅದರ ಹಿಂದೆ ಬರಲಿ.

ಹಂತ 4: ಲಾಕ್

ಫೋಲ್ಡರ್ ಮೇಲೆ "ಫೈನಲ್" ಎಂದು ಬರೆದರೆ ಲಾಕ್ ಆಗುವುದಿಲ್ಲ. ಲಾಕ್ ಅಂದರೆ ಆಮೇಲೆ ಯಾರಾದರೂ ಮುಟ್ಟಿದರೆ ಗೊತ್ತಾಗಬೇಕು. ಅದಕ್ಕೆ ವಿಂಡೋಸ್‌ನಲ್ಲೇ ಇರುವ ಹ್ಯಾಶ್ ಸಾಕು. ಹ್ಯಾಶ್ ಅಂದರೆ ಫೈಲ್‌ನ ಒಳಗಿನ ಎಲ್ಲದರಿಂದ ಲೆಕ್ಕ ಹಾಕಿದ ಒಂದು ಉದ್ದ ಸಂಖ್ಯೆ. ಒಳಗೆ ಒಂದು ಅಕ್ಷರ ಬದಲಾದರೂ ಅದು ಬೇರೆಯೇ ಬರುತ್ತದೆ.

ಎಲ್ಲ ಪೇಪರಿನ ಪಿಡಿಎಫ್ ಮಾಡಿ, ಎಕ್ಸೆಲ್‌ಗಳನ್ನೂ ಹಾಗೆಯೇ ಇಡಿ. ಪಿಡಿಎಫ್‌ನಲ್ಲಿ ಸೂತ್ರ ಕಾಣುವುದಿಲ್ಲ. ನಂತರ `D:\Lock` ಎಂಬ ಫೋಲ್ಡರ್ ಮಾಡಿ, ಪವರ್‌ಶೆಲ್ ತೆರೆದು ಪ್ರತಿ ಫೈಲ್‌ನ ಹ್ಯಾಶ್ ಪಟ್ಟಿ ತೆಗೆಯಿರಿ:

```
Get-ChildItem "D:\Audit\BKP-2425" -Recurse -File |
  Get-FileHash -Algorithm SHA256 |
  Export-Csv "D:\Lock\BKP-2425.csv" -NoTypeInformation
```

ಇಡೀ ಆಡಿಟ್ ಫೋಲ್ಡರನ್ನು ಜಿಪ್ ಮಾಡಿ `D:\Lock` ಒಳಗೆ ಇಟ್ಟು, ಜಿಪ್‌ಗೂ ಒಂದು ಹ್ಯಾಶ್ ತೆಗೆಯಿರಿ:

```
Get-FileHash "D:\Lock\BKP-2425.zip" -Algorithm SHA256
```

ಈ ಎರಡನೇ ಸಂಖ್ಯೆಯನ್ನು ಆಫೀಸಿನ ಲಾಕ್ ರಿಜಿಸ್ಟರ್‌ನಲ್ಲಿ ಬರೆಯಿರಿ. ಕ್ಲೈಂಟ್, ವರದಿ ತಾರೀಕು, ಯುಡಿಐಎನ್, ಲಾಕ್ ತಾರೀಕು, ಲಾಕ್ ಮಾಡಿದವರು, ಒಪ್ಪಿದ ಪಾರ್ಟ್‌ನರ್, ಹ್ಯಾಶ್, ಯಾವತ್ತಿನವರೆಗೆ ಇಡಬೇಕು ಇಷ್ಟು ಕಾಲಂ ಸಾಕು. ಅದೇ ದಿನ ಆ ಸಾಲನ್ನು ಎಲ್ಲ ಪಾರ್ಟ್‌ನರ್‌ಗಳಿಗೂ ಮೇಲ್ ಮಾಡಿ. ರಿಜಿಸ್ಟರನ್ನೇ ಯಾರಾದರೂ ತಿದ್ದಿದರು ಎಂಬ ಸಂಶಯ ಬಂದರೆ ಆ ಮೇಲ್ ಇರುತ್ತದೆ.

ಜಿಪ್‌ನ ಒಂದು ಪ್ರತಿ ಆಫೀಸಿನಲ್ಲಿ, ಓದಲು ಮಾತ್ರ ಅನುಮತಿಯೊಂದಿಗೆ. ಇನ್ನೊಂದು ಬೇರೆ ಕಟ್ಟಡದಲ್ಲಿ ಅಥವಾ ಕ್ಲೌಡ್‌ನಲ್ಲಿ. ನೆಲಮಾಳಿಗೆಗೆ ನೀರು ನುಗ್ಗುವ ಊರಿನಲ್ಲಿ ಎರಡೂ ಪ್ರತಿ ಒಂದೇ ಕಪಾಟಿನಲ್ಲಿ ಇಟ್ಟರೆ ಪ್ರಯೋಜನ ಇಲ್ಲ ಅಲ್ವಾ? ಪಾಸ್‌ವರ್ಡ್ ಇಟ್ಟಿದ್ದರೆ ಅದು ಇಬ್ಬರಿಗಾದರೂ ಗೊತ್ತಿರಲಿ.

ಹಂತ 5: ಲಾಕ್ ಆದ ಮೇಲೆ ಸೇರಿಸಬೇಕಾಗಿ ಬಂದರೆ

ತೆಗೆಯುವ ಮಾತೇ ಇಲ್ಲ. ಸೇರಿಸಲು ಅವಕಾಶ ಇದೆ. ಪೀರ್ ರಿವ್ಯೂ ಮಾಡಲು ಬಂದವರು ಜನವರಿಯಲ್ಲಿ "25 ಮಾರಾಟದ ಬಿಲ್ ಆರಿಸಿದ್ದೀರಿ, ಹೇಗೆ ಆರಿಸಿದಿರಿ ಎಂದು ಗೊತ್ತಾಗುವುದಿಲ್ಲ" ಎಂದರೆ, ಅದನ್ನು ವಿವರಿಸುವ ನೋಟ್ ಹಾಕಬಹುದು. ಎಸ್‌ಎ 230ರ 16ನೇ ಪ್ಯಾರಾ ಪ್ರಕಾರ ಅದಕ್ಕೆ ನಿರ್ದಿಷ್ಟ ಕಾರಣ ಬರೆಯಬೇಕು. ಯಾರು, ಯಾವತ್ತು ಸೇರಿಸಿದರು, ಯಾರು ರಿವ್ಯೂ ಮಾಡಿದರು ಎನ್ನುವುದೂ ಬೇಕು.

ಹಳೆಯ ಜಿಪ್ ಬಿಚ್ಚಿ ಒಳಗೆ ತುರುಕಬೇಡಿ. ಪಕ್ಕದಲ್ಲಿ `BKP-2425-ADD1` ಎಂದು ಹೊಸ ಫೋಲ್ಡರ್ ಮಾಡಿ, ಅದನ್ನೂ ಜಿಪ್ ಮಾಡಿ, ಆ ಜಿಪ್‌ಗೆ ಬೇರೆ ಹ್ಯಾಶ್ ತೆಗೆದು, ರಿಜಿಸ್ಟರ್‌ನಲ್ಲಿ ಹೊಸ ಸಾಲು ಬರೆಯಿರಿ. ಮೂಲ ಫೈಲ್‌ನ ಹ್ಯಾಶ್ ಮೊದಲಿನದೇ ಇರುತ್ತದೆ. ಹಳೆಯದನ್ನು ಮುಟ್ಟಿಲ್ಲ ಎಂದು ತೋರಿಸಲು ಬೇರೇನೂ ಬೇಡ.

ಆದರೆ ಆ ನೋಟ್ ಮಾಡಿದ್ದನ್ನು ವಿವರಿಸಬಹುದು, ಮಾಡದ್ದನ್ನು ಮಾಡಿದಂತೆ ತೋರಿಸುವಂತಿಲ್ಲ. ಆ 25 ಬಿಲ್ಲಿನಲ್ಲಿ ಎಂಟನ್ನು ನೋಡಿಯೇ ಇಲ್ಲ ಎಂದಾದರೆ ಜನವರಿಯಲ್ಲಿ ಅವನ್ನು ತರಿಸಿ ಟಿಕ್ ಹಾಕಿ ಸೇರಿಸುವುದು ವಿವರಣೆಯಲ್ಲ. ಆ ಎಂಟನ್ನು ನೋಡದೆ ಕೊಟ್ಟ ವರದಿಗೆ ಆಧಾರ ಸಾಕಿತ್ತಾ ಎನ್ನುವ ದೊಡ್ಡ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಬಾಯಿಮಾತಿನ ವಿವರಣೆಗೂ ಇದೇ ಮಿತಿ. ಪೇಪರಿನಲ್ಲಿ ಇರುವುದನ್ನು ಬಿಡಿಸಿ ಹೇಳಲು ಅದು ಆದೀತು, ಇಲ್ಲದ ಪೇಪರಿನ ಜಾಗ ತುಂಬಲು ಆಗದು.

ಹಂತ 6: ಎಷ್ಟು ವರ್ಷ ಇಡಬೇಕು

ವರದಿ ತಾರೀಕಿನಿಂದ ಕನಿಷ್ಠ ಏಳು ವರ್ಷ. ಹಣಕಾಸು ವರ್ಷದ ಕೊನೆಯಿಂದ ಅಲ್ಲ, ಲಾಕ್ ತಾರೀಕಿನಿಂದಲೂ ಅಲ್ಲ. ನಮ್ಮ ಉದಾಹರಣೆಯಲ್ಲಿ 2032ರ ಸೆಪ್ಟೆಂಬರ್ 5ರ ತನಕ. ಈ ಕಂಪನಿ ಒಂದು ದೊಡ್ಡ ಗುಂಪಿನ ಭಾಗವಾಗಿದ್ದು, ಗುಂಪಿನ ಆಡಿಟರ್ ವರದಿ ಸೆಪ್ಟೆಂಬರ್ 24ಕ್ಕೆ ಬಂದಿದ್ದರೆ ಏಳು ವರ್ಷ ಅಲ್ಲಿಂದ ಶುರು. ವಿದೇಶದ ಪುಸ್ತಕ ಓದಿದವರು ಐದು ವರ್ಷ ಎನ್ನುತ್ತಾರೆ. ಅದು ಅಂತರರಾಷ್ಟ್ರೀಯ ಮಾನದಂಡದ ಮಾತು, ಇಲ್ಲಿ ಏಳು.

ಕ್ಲೈಂಟ್ ಕೇಳಿದರೆ ಇದನ್ನೇ ಹೇಳಿ ಕಳಿಸಬೇಡಿ. ಕಂಪನಿಯ ಪುಸ್ತಕಗಳಿಗೆ ಕಂಪನಿ ಕಾಯ್ದೆಯ 128(5)ರ ಪ್ರಕಾರ ಎಂಟು ಹಣಕಾಸು ವರ್ಷದ ನಿಯಮ ಇದೆ. ಅದು ಅವರದ್ದು, ಇದು ನಮ್ಮದು. ವರ್ಕಿಂಗ್ ಪೇಪರುಗಳು ಆಡಿಟರ್‌ನ ಸ್ವತ್ತು. ಫೀಸ್ ಕೊಟ್ಟಿದ್ದೇವೆ, ಫೈಲ್ ಕೊಡಿ ಎಂದು ಕೇಳಿದರೆ ಕೊಡಲೇಬೇಕೆಂದಿಲ್ಲ.

2032 ಬಂದ ಕೂಡಲೇ ಅಳಿಸಲು ಓಡಬೇಡಿ. ಆ ಕ್ಲೈಂಟ್ ಬಗ್ಗೆ ದೂರು, ನೋಟಿಸ್, ಕೋರ್ಟ್ ಕೇಸ್, ತನಿಖೆ ಏನಾದರೂ ಬಾಕಿ ಇದ್ದರೆ ಅದು ಮುಗಿಯುವವರೆಗೆ ಫೈಲ್ ಇರಬೇಕು. ಏನೂ ಇಲ್ಲ ಎಂದು ಪಾರ್ಟ್‌ನರ್ ಬರೆದು ಸಹಿ ಹಾಕಿದ ಮೇಲೆ ಅಳಿಸಿ, ಎರಡನೇ ಪ್ರತಿ ಮತ್ತು ಕ್ಲೌಡ್‌ನ ಪ್ರತಿ ಸಮೇತ. ಕಾಗದವನ್ನು ಗುಜರಿಗೆ ಹಾಕಬೇಡಿ, ಗ್ರಾಹಕರ ಬ್ಯಾಂಕ್ ವಿವರ ಅದರಲ್ಲಿರುತ್ತದೆ. ಹರಿದು ಚೂರು ಮಾಡಿ. ರಿಜಿಸ್ಟರ್‌ನ ಸಾಲನ್ನು ಮಾತ್ರ ಅಳಿಸದೆ, ಅದರ ಮುಂದೆ ನಾಶ ಮಾಡಿದ ತಾರೀಕು ಮತ್ತು ಮಾಡಿದವರ ಹೆಸರು ಬರೆಯಿರಿ.